ತಕ್ಕಡಿಗೆ ಸಿಪ್ಪೆ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಈ ಪುಟ್ಟ ತಕ್ಕಡಿ ಎಸ್.ಪಿ. ರಸ್ತೆಯಲ್ಲಿ ಕೊಂಡಿದ್ದು. ಬಸವನಗುಡಿಯ ನಮ್ಮ ಮನೆಯಲ್ಲಿ ಅಕ್ಕ ಸಾರಿನ ಪುಡಿಗೆ ಧನಿಯ, ಮೆಣಸು ತೂಗೋದು ಇದರಲ್ಲೇ. ಗುಂಡಿಗಳ ಮೇಲೆ ಚೀನೀ ಅಕ್ಷರ. ಜೊತೆಗೆ ಬಂದ ಜೆರಾಕ್ಸ್ ಕೈಪಿಡಿಯೂ ಚೀನೀ ಭಾಷೆಯದೇ.

ಒಂದು ಗುಂಡಿಗೆ ಫೋನಿನ ಅನುವಾದ ಆ್ಯಪ್ ಹಿಡಿದೆ. 'ಸಿಪ್ಪೆ ತೆಗೆಯಿರಿ' ಅಂತ ಬಂತು. ಅಕ್ಕ ಕೇಳಿದಳು, "ಬೆಳ್ಳುಳ್ಳಿನೂ ಸುಲಿಯುತ್ತೇನೋ ಇದು?"

ಗುಂಡಿಯ ಮೇಲಿದ್ದದ್ದು 去皮. 去 ಅಂದರೆ ತೆಗೆ, 皮 ಅಂದರೆ ಸಿಪ್ಪೆ, ಚರ್ಮ. ತೂಕದ ವಿಷಯದಲ್ಲಿ ಮಾತ್ರ ಆ 'ಸಿಪ್ಪೆ' ಪಾತ್ರೆಯ ತೂಕ. ಖಾಲಿ ಬಟ್ಟಲಿಟ್ಟು ಒತ್ತಿದರೆ ಬಟ್ಟಲಿನ ತೂಕ ಕಳೆಯುತ್ತದೆ. ಕೈಪಿಡಿಯಲ್ಲಿ ಇಡೀ ವಾಕ್ಯ ಇತ್ತು, ಹಾಗಾಗಿ ಅಲ್ಲಿ ಅನುವಾದ ಸರಿಯಾಗಿತ್ತು. ಗುಂಡಿಯ ಮೇಲೆ ಎರಡೇ ಅಕ್ಷರ. ಪಾಪ, ಫೋನ್ ತಾನೇ ಏನು ಮಾಡೀತು?

ಅಂದರೆ ಒಂದೇ ಹೆಸರಿಗೆ ಎರಡು ಕಡೆ ಎರಡು ಅನುವಾದ. ಅನುವಾದ ಹಿಡಿದುಕೊಂಡು ಹುಡುಕಿದರೆ ಗುಂಡಿಯ ಹೆಸರಿಗೆ ಕೈಪಿಡಿಯಲ್ಲಿ ಜೋಡಿ ಸಿಗುವುದೇ ಇಲ್ಲ. ಮೂಲ ಅಕ್ಷರವನ್ನೇ ಕಾಪಿ ಮಾಡಿಕೊಳ್ಳಿ. ಕೈಪಿಡಿಯನ್ನು ಸ್ಕ್ಯಾನ್ ಮಾಡಿ ತೆಗೆದ ಪಠ್ಯದಲ್ಲಿ ಅದನ್ನು ಹುಡುಕಿ, ಸಿಕ್ಕ ಕಡೆ ಪೂರ್ತಿ ವಾಕ್ಯವನ್ನು ಅನುವಾದಿಸಿ.

ಸ್ಕ್ಯಾನ್ ಮಾಡುವಾಗ ಪುಟ ಚಪ್ಪಟೆಯಾಗಿರಲಿ, ಬೆಳಕು ಪಕ್ಕದಿಂದ ಬರಲಿ. ಅಕ್ಷರ ಚಿಕ್ಕದಿದ್ದರೆ ಅರ್ಧರ್ಧ ಪುಟ ತೆಗೆಯಿರಿ. ಸ್ಕ್ಯಾನರ್ ಆ್ಯಪಿನ ಕಪ್ಪು-ಬಿಳುಪು ಫಿಲ್ಟರ್ ನೋಡೋಕೆ ಚೆಂದ, ಆದರೆ ಮಾಸಿದ ಜೆರಾಕ್ಸಿನ ತೆಳು ಗೆರೆಗಳನ್ನು ನುಂಗಿಬಿಡುತ್ತದೆ. ನಾನು ಬಣ್ಣದಲ್ಲೇ ಬಿಡುತ್ತೇನೆ. ಹಾಗಿದ್ದೂ ಒಂದು ಕಡೆ 千克 ಹೋಗಿ 干克 ಆಗಿತ್ತು. ಮೇಲಿನ ಗೆರೆ ಓರೆಯೋ ನೇರವೋ, ಅಷ್ಟೇ ವ್ಯತ್ಯಾಸ. ಮೊದಲನೆಯದು ಕಿಲೋಗ್ರಾಂ, ಎರಡನೆಯದಕ್ಕೆ ಅರ್ಥವೇ ಇಲ್ಲ. ಅರ್ಥವಿಲ್ಲದ್ದು ಬಂದರೆ ಅನುವಾದಕ್ಕೆ ಬೈಯುವ ಮೊದಲು ಚಿತ್ರವನ್ನು ದೊಡ್ಡದು ಮಾಡಿ ನೋಡಿ.

ನಾನು ನಿಜವಾಗಿ ಎಡವಿದ್ದು 单位 ಗುಂಡಿಯಲ್ಲಿ. ಅದು ತೂಕದ ಅಳತೆ ಬದಲಿಸುವ ಗುಂಡಿ. ಪರದೆಯ ಮೂಲೆಯಲ್ಲಿ 斤 ಅಂತಿತ್ತು, ಫೋನ್ 'ಕೆಜಿ' ಅಂದಿತು, ನಾನೂ ನಂಬಿದೆ. 1 ಕೆಜಿ ಸಕ್ಕರೆ ಪ್ಯಾಕೆಟ್ ಇಟ್ಟರೆ 2 ಚಿಲ್ಲರೆ ತೋರಿಸ್ತು! ತಕ್ಕಡಿ ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಹೊರಟಿದ್ದೆ. ಚೀನಾದಲ್ಲಿ 斤 ಅಂದರೆ 500 ಗ್ರಾಂ. ಕಿಲೋಗ್ರಾಂಗೆ 公斤. ಮುಂದೆ ಒಂದು ಅಕ್ಷರ ಇಲ್ಲದಿದ್ದರೆ ತೂಕ ಅರ್ಧ, ಅಂಕಿ ಎರಡು ಪಟ್ಟು. 2ರ ಮೇಲಿನ ಚಿಲ್ಲರೆ, ಪ್ಯಾಕೆಟ್ಟಿನ ಕವರಿನ ತೂಕ. ಗುಂಡಿ ಮತ್ತೊಮ್ಮೆ ಒತ್ತಿದೆ, 公斤 ಬಂತು, ಅಂಕಿ 1ರ ಹತ್ತಿರ ನಿಂತಿತು.

ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಮೂಲ ಅಕ್ಷರ, ಕೈಪಿಡಿಯ ಅರ್ಥ, ಒತ್ತಿದಾಗ ಆಗಿದ್ದೇನು. ಮೂರನೆಯದು ತುಂಬದೆ ಯಾವ ಹೆಸರೂ ಖಚಿತ ಅಲ್ಲ.

ಒಂದನ್ನು ಮಾತ್ರ ಒತ್ತಿ ನೋಡಬೇಡಿ. ಕೈಪಿಡಿಯಲ್ಲಿ 标定 ಅಂತಿದ್ದದ್ದು ನನ್ನ ಪರದೆಯಲ್ಲಿ `CAL` ಅಂತ ಬರುತ್ತದೆ. ಅದು ತಕ್ಕಡಿಗೆ ತೂಕ ಕಲಿಸುವ ಜಾಗ. ಸರಿಯಾದ ತೂಕದ ಬಟ್ಟು ಇಲ್ಲದೆ ಅಲ್ಲಿ ಮುಂದುವರಿದರೆ ಆಮೇಲಿನ ಎಲ್ಲ ತೂಕವೂ ತಪ್ಪು. ಅಲ್ಲಿಗೆ ಹೋಗಿಬಿಟ್ಟರೆ ಏನನ್ನೂ ಒಪ್ಪದೆ ಆಫ್ ಮಾಡಿ.

ಈಗ 去皮 ಮೇಲೆ ಅಕ್ಕ ಒಂದು ಚೀಟಿ ಅಂಟಿಸಿದ್ದಾಳೆ: 'ಪಾತ್ರೆ ಕಳೆ'.