ಮಳಿಗೆ ಬಾಡಿಗೆಗೆ ಕೊಡುವ ಮುನ್ನ

ಕೇಳುಗರೆ, ನಮಸ್ಕಾರ.

ವಿರಾಜಪೇಟೆ, ಗೋಣಿಕೊಪ್ಪಲು, ಸೋಮವಾರಪೇಟೆ ಪೇಟೆಬೀದಿಗಳಲ್ಲಿ ಹಳೆಯ ಹೆಂಚಿನ ಕಟ್ಟಡದ ಒಂದೆರಡು ಮಳಿಗೆಗಳನ್ನು ಬಾಡಿಗೆಗೆ ಬಿಟ್ಟಿರುವವರು ಬಹಳ ಮಂದಿ ಇದ್ದೀರಿ. ನನ್ನದೂ ಅಂಥದೇ ಎರಡು ಮಳಿಗೆ, ಅಜ್ಜನ ಕಾಲದ ಮಣ್ಣುಗಾರೆಯ ಗೋಡೆ, ಮೇಲೆ ಮಂಗಳೂರು ಹೆಂಚು. ಅವುಗಳಲ್ಲಿ ಒಂದರಿಂದ ಕಲಿತದ್ದನ್ನು ಇವತ್ತು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಚಿಪ್ಸ್ ಕರಿದು ಮಾರುವವರೊಬ್ಬರಿಗೆ ಆ ಮಳಿಗೆ ಕೊಟ್ಟೆ. ಹನ್ನೊಂದು ತಿಂಗಳ ಕರಾರು ಪತ್ರ, ಕೈಗೆ ಮುಂಗಡ, ಅಷ್ಟೇ. "ಒಳಗೆ ಸ್ವಲ್ಪ ಕೆಲಸ ಮಾಡಿಸ್ಕೋತೀನಿ ಸಾರ್" ಅಂದರು. "ಮಾಡಿಸ್ಕೊಳ್ಳಿ" ಅಂದೆ. ನಾನು ಕೊಟ್ಟ ಅನುಮತಿ ಅದೊಂದೇ ಮಾತು. ಅವರು ಹೊಗೆ ಹೋಗಲು ತಗಡಿನ ಕೊಳವೆಯನ್ನು ಹೆಂಚು ತೆಗೆಸಿ ಮೇಲಕ್ಕೆ ಬಿಟ್ಟರು. ದಾರಿಗೆ ಅಡ್ಡ ಬಂದ ಒಂದು ಪಕ್ಕಾಸನ್ನು ಗೇಣುದ್ದ ಕತ್ತರಿಸಿದರು. ಕೆಳಗೆ ಚೆಂದದ ಬಿಳಿ ಸೀಲಿಂಗ್ ಹಾಕಿಸಿದ್ದರಿಂದ ಯಾವುದೂ ಕಾಣಲಿಲ್ಲ. ಜೂನ್ ಮಳೆ ಹಿಡಿದಾಗ ನೀರು ಕೊಳವೆಯ ಹೊರಮೈ ಹಿಡಿದು ಇಳಿದು, ಸೀಲಿಂಗ್ ಮೇಲೆ ಹರಿದು, ಗೋಡೆ ಸೇರಿತು. ಆಗಸ್ಟ್ ಹೊತ್ತಿಗೆ ಪಕ್ಕದ ಮಳಿಗೆಯವರು ಕರೆದು ತೋರಿಸಿದರು: ಅವರ ನೋಟ್‌ಬುಕ್ ಇಟ್ಟಿದ್ದ ಕಪಾಟಿನ ಹಿಂದೆ ಕಾಫಿ ಚೆಲ್ಲಿದಂಥ ಕಂದು ಗೆರೆ, ಬೆರಳಿಟ್ಟರೆ ಗಾರೆ ಹಿಟ್ಟಿನಂತೆ ಉದುರಿತು.

ಆ ವರ್ಷ ಯೋಚಿಸಿದಾಗ ನನಗೆ ಒಂದು ಸಂಗತಿ ಹೊಳೆಯಿತು. ಯಾರಿಗೆ ಕೊಡಬೇಕು, ಬಾಡಿಗೆ ಹೇಗೆ ಏರಿಸಬೇಕು, ಒಳಗೆ ಏನು ಮಾಡಲು ಬಿಡಬೇಕು ಅನ್ನುವುದನ್ನು ನಾವು ಮೂರು ಬೇರೆ ಪ್ರಶ್ನೆ ಅಂದುಕೊಳ್ಳುತ್ತೇವೆ. ನಿಜಕ್ಕೂ ಮೊದಲು ಕೇಳಬೇಕಾದದ್ದು ಒಂದೇ: ಬರುವವರು ಮಳಿಗೆಯೊಳಗೆ ಎಷ್ಟು ದುಡ್ಡು ಹಾಕುತ್ತಾರೆ? ನಾಲ್ಕೈದು ಲಕ್ಷ ಖರ್ಚು ಮಾಡಿ ಒಳಾಂಗಣ ಮಾಡಿಸುವವರಿಗೆ ಹನ್ನೊಂದು ತಿಂಗಳು ಸಾಲದು, ಐದು ವರ್ಷವಾದರೂ ಬೇಕು. ಐದು ವರ್ಷ ಅಂದಮೇಲೆ ಏರಿಕೆ ಮೊದಲೇ ಬರೆದಿರಬೇಕು. ಐದು ವರ್ಷ ಕಟ್ಟಡ ಅವರ ಕೈಯಲ್ಲಿ ಇರುತ್ತದೆ ಅಂದಮೇಲೆ ಎಲ್ಲಿ ಮೊಳೆ ಹೊಡೆಯುತ್ತಾರೆ, ಎಲ್ಲಿ ಕತ್ತರಿಸುತ್ತಾರೆ ಅನ್ನುವುದೂ ಬರೆದಿರಬೇಕು.

ಇಲ್ಲಿ ಕಾನೂನಿನ ಒಂದು ಮಾತು. ಆಸ್ತಿ ವರ್ಗಾವಣೆ ಕಾಯ್ದೆ, 1882ರ 107ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಛಾಪಾ ಕಾಗದದಲ್ಲಿ ಐದು ವರ್ಷ ಎಂದು ಬರೆದು, ಇಬ್ಬರು ಸಾಕ್ಷಿ ಹಾಕಿಸಿ ಬೀರುವಿನಲ್ಲಿಟ್ಟರೆ ಆಗಲಿಲ್ಲ. ನೋಂದಣಿಯಾಗದ ಆ ಪತ್ರವನ್ನು ಹಿಡಿದು, ಮೂರನೇ ವರ್ಷದ ಏರಿಕೆ ಕೊಡಿ ಎಂದು ನ್ಯಾಯಾಲಯದಲ್ಲಿ ವಾದಿಸುವುದು ಕಷ್ಟ. ಸಾಮಾನ್ಯವಾಗಿ ಅದನ್ನು ತಿಂಗಳ ಬಾಡಿಗೆ ಎಂದೇ ನೋಡುತ್ತಾರೆ. ತಿಂಗಳ ಬಾಡಿಗೆಯನ್ನು ಯಾವ ಕಡೆಯವರಾದರೂ ಹದಿನೈದು ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಲಕ್ಷಗಟ್ಟಲೆ ಸುರಿದವರಿಗೂ ಅದು ಅಪಾಯವೇ. ಆದ್ದರಿಂದ ಉಪನೋಂದಣಿ ಕಚೇರಿಯ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳೋಣ ಎಂದು ನಾನೇ ಮೊದಲು ಹೇಳುತ್ತೇನೆ. ಇದಕ್ಕೆ ಒಪ್ಪದವರು ಐದು ವರ್ಷ ಇರುತ್ತೇನೆಂದರೆ ನಾನು ನಂಬುವುದಿಲ್ಲ.

ಜನರನ್ನು ನೋಡಿ ಆರಿಸುವುದಕ್ಕೆ ನನ್ನದೊಂದು ಪದ್ಧತಿ ಇದೆ. ಅವರ ಈಗಿನ ಅಂಗಡಿಗೆ ಡಿಸೆಂಬರ್ ಶನಿವಾರ ಹೋಗಬೇಡಿ. ಆ ದಿನ ನಮ್ಮ ಜಿಲ್ಲೆಯಲ್ಲಿ ಯಾರ ಅಂಗಡಿಯಲ್ಲೂ ಪ್ರವಾಸಿಗರು ತುಂಬಿರುತ್ತಾರೆ. ಜುಲೈ ತಿಂಗಳ ಒಂದು ಮಂಗಳವಾರ, ಮಳೆ ಸುರಿಯುವಾಗ ಹೋಗಿ ಅರ್ಧ ಗಂಟೆ ನಿಲ್ಲಿ. ಊರಿನವರು ಕೊಡೆ ಮಡಚಿ ಒಳಗೆ ಬರುತ್ತಾರೋ ಇಲ್ಲವೋ ನೋಡಿ. ಔಷಧಿ, ದಿನಸಿ, ಕೃಷಿ ಸಾಮಾನಿನ ಅಂಗಡಿಗೆ ಬರುತ್ತಾರೆ. ಜೇನು, ಚಾಕೊಲೇಟ್, ಮಸಾಲೆ ಮಾರುವ ಅಂಗಡಿಗೆ ಬರುವುದು ಕಡಿಮೆ. ಹಾಗೆಂದು ಅವರಿಗೆ ಕೊಡಬೇಡಿ ಎನ್ನುತ್ತಿಲ್ಲ. ಅವರ ಬಾಡಿಗೆಯನ್ನು ಮಳೆ ನೋಡಿ ಕಟ್ಟಬೇಕು.

ನನ್ನ ಈಗಿನ ಬಾಡಿಗೆದಾರರು ಕಾಫಿ ಪುಡಿ, ಮಸಾಲೆ ಮಾರುವವರು. ತಿಂಗಳಿಗೆ 12,000 ಎಂದು ಮಾತಾಯಿತು, ವರ್ಷಕ್ಕೆ 1,44,000. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು 10,000, ಉಳಿದ ಎಂಟು ತಿಂಗಳು 13,000 ಎಂದು ಹಂಚಿದೆವು. ಕೂಡಿಸಿ ನೋಡಿ, 40,000 ಮತ್ತು 1,04,000, ಮೊತ್ತ ಅದೇ. ನನಗೇನೂ ನಷ್ಟವಿಲ್ಲ, ಆಗಸ್ಟ್‌ನಲ್ಲಿ ಬಾಡಿಗೆಗಾಗಿ ಅವರ ಬಾಗಿಲಲ್ಲಿ ನಿಲ್ಲುವುದೂ ತಪ್ಪಿತು.

ಏರಿಕೆ ವರ್ಷಕ್ಕೆ ಶೇಕಡಾ 5. "ಶೇಕಡಾ 5" ಎಂದು ಬರೆದು ಬಿಟ್ಟರೆ, ಮೊದಲ ಬಾಡಿಗೆಯ ಮೇಲೋ, ಹಿಂದಿನ ವರ್ಷದ ಬಾಡಿಗೆಯ ಮೇಲೋ ಎಂದು ನಾಲ್ಕನೇ ವರ್ಷ ಜಗಳ ಬರುತ್ತದೆ. ಆದ್ದರಿಂದ ಪ್ರತಿ ವರ್ಷದ ಮೊತ್ತವನ್ನು ರೂಪಾಯಿಯಲ್ಲೇ ಬರೆಸಿದೆ: ಎರಡನೇ ವರ್ಷ ಮಳೆಗಾಲಕ್ಕೆ 10,500, ಉಳಿದ ತಿಂಗಳಿಗೆ 13,650, ಹೀಗೆ ಕೊನೆಯವರೆಗೆ. ಏರಿಕೆಯ ದಿನಾಂಕವೂ ಮುಖ್ಯ. ನಮ್ಮಲ್ಲಿ ಎಷ್ಟೋ ಕರಾರುಗಳು ಜೂನ್ 1ಕ್ಕೆ ಶುರುವಾಗುತ್ತವೆ, ಅಂದರೆ ವ್ಯಾಪಾರ ಬಿದ್ದ ತಿಂಗಳಲ್ಲೇ ಬಾಡಿಗೆ ಏರುತ್ತದೆ. ನಮ್ಮದನ್ನು ಫೆಬ್ರವರಿ 1ಕ್ಕೆ ಇಟ್ಟೆವು, ಕಾಫಿ ಕುಯ್ಲು ಮುಗಿಯುತ್ತ ಬಂದು ಊರಲ್ಲಿ ದುಡ್ಡು ಓಡಾಡುವ ಕಾಲಕ್ಕೆ.

ಇನ್ನು ಒಳಗಿನ ಕೆಲಸ. ಮಾಲೀಕರ ಒಪ್ಪಿಗೆ ಇಲ್ಲದೆ ಬಾಡಿಗೆದಾರರು ಶಾಶ್ವತ ಕಟ್ಟಡ ಎಬ್ಬಿಸುವಂತಿಲ್ಲ, ಹೋಗುವಾಗ ತಮ್ಮ ವಸ್ತು ಬಿಚ್ಚಿಕೊಂಡರೂ ಜಾಗವನ್ನು ಪಡೆದ ಸ್ಥಿತಿಯಲ್ಲೇ ಬಿಡಬೇಕು ಎಂದು ಅದೇ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ. ಆದರೆ ಪಡೆದ ಸ್ಥಿತಿ ಯಾವುದು ಎಂದು ಸಾಬೀತು ಮಾಡುವವರು ಯಾರು? ಅದಕ್ಕಾಗಿ ಬೀಗದ ಕೈ ಕೊಡುವ ದಿನ ಇಬ್ಬರೂ ನಿಂತು ಗೋಡೆ, ನೆಲ, ಪಕ್ಕಾಸು, ರೀಪು, ಷಟರ್, ಮೀಟರ್‌ಗಳ ಫೋಟೋ ತೆಗೆದು, ಅಚ್ಚು ಹಾಕಿಸಿ, ಹಿಂದೆ ಸಹಿ ಮಾಡಿದೆವು.

ಬಳಿಕ ಒಂದೇ ಹಾಳೆಯಲ್ಲಿ ನಕ್ಷೆ ಬರೆದು ಒಪ್ಪಿಗೆ ಕೊಟ್ಟೆ. ತಿರುಪು ಹಾಕಿ ನಿಲ್ಲಿಸುವ ಕಪಾಟು, ಕೌಂಟರ್, ದೀಪಕ್ಕೆ ನನ್ನನ್ನು ಕೇಳಬೇಕಿಲ್ಲ. ಗೋಡೆ ಒಡೆಯುವುದು, ಪಕ್ಕಾಸು ಮುಟ್ಟುವುದು ಯಾವ ಕಾರಣಕ್ಕೂ ಇಲ್ಲ. ಕಾಫಿ ಹುರಿಯುವ ಯಂತ್ರ ಇಡಬೇಕೆಂದರು. ಹೊಗೆಕೊಳವೆ ಹೆಂಚಿನ ಮೂಲಕ ಅಲ್ಲ, ಹಿಂದಿನ ಕಿಟಕಿಯ ಮೂಲಕ ಹೋಗಲಿ ಎಂದೆ. ಮೀಟರ್ ನನ್ನ ಹೆಸರಿನಲ್ಲಿದೆ, ಬಾಕಿ ಉಳಿದರೆ ಚೆಸ್ಕಾಂ ಮೊದಲು ಕೇಳುವುದು ನನ್ನನ್ನೇ. ಹಾಗಾಗಿ ಯಂತ್ರ ಬರುವ ಮೊದಲು ಹೆಚ್ಚುವರಿ ಲೋಡ್ ಮಂಜೂರು ಮಾಡಿಸುವುದು ಅವರ ಖರ್ಚಿನಲ್ಲಿ ಎಂದು ಬರೆಸಿದೆ. ಕೆಲಸಕ್ಕೆ ಮೂವತ್ತು ದಿನ ಬಾಡಿಗೆ ಬಿಟ್ಟೆ; ಮೂವತ್ತೊಂದನೇ ದಿನದಿಂದ ಕೆಲಸ ಮುಗಿದಿರಲಿ ಬಿಡಲಿ ಬಾಡಿಗೆ ಶುರು.

ಸೀಲಿಂಗ್ ಅವರಿಗೂ ಬೇಕಿತ್ತು. ಹಾಕಿಸಿ, ಆದರೆ ಹೆಂಚಿನ ಕೆಳಗೆ ಮನುಷ್ಯನ ತಲೆ ತೂರುವಷ್ಟು, ಎರಡಡಿ ಚದರದ ಬಾಗಿಲೊಂದು ತೆರೆಯುವಂತಿರಲಿ ಎಂದೆ. ಗೋಡೆಗೆ ಹಲಗೆ ಹೊದಿಸುವಾಗಲೂ ಒಂದು ಇಂಚು ಜಾಗ ಬಿಟ್ಟು ಪಟ್ಟಿ ಹೊಡೆಸಿದರು, ತೇವ ಆರಲಿ ಎಂದು. ಈಗ ಪ್ರತಿ ವರ್ಷ ಜೂನ್ ಮೊದಲ ವಾರ, ಎರಡು ಮೂರು ದಿನ ಮಳೆ ಬಿದ್ದ ಮೇಲೆ, ನಾನು ಟಾರ್ಚ್ ಹಿಡಿದು ಹೋಗುತ್ತೇನೆ. ಅವರು ಸ್ಟೂಲ್ ಹಿಡಿಯುತ್ತಾರೆ, ನಾನು ಆ ಬಾಗಿಲು ತೆಗೆದು ತಲೆ ಒಳಗೆ ತೂರಿಸಿ ಪ್ರತಿ ಪಕ್ಕಾಸಿನ ಬುಡ ನೋಡುತ್ತೇನೆ. ಹೋದ ವರ್ಷ ಮೂರು ಹೆಂಚು ಬದಲಾಯಿಸಿದೆವು. ಗೋಡೆ ಒಣಗಿಯೇ ಇದೆ.

ನಮಸ್ಕಾರ.