ನಾವು ಮಲಗಿರುವಾಗ ನಮ್ಮ ಆರ್ಡರ್

ಶಿವಮೊಗ್ಗದಲ್ಲಿ ಕೂತು ಅಮೆರಿಕದ ಷೇರು ಕೊಳ್ಳುವವರು ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಅಲ್ಲಿ ಬೇಸಿಗೆ ಇದ್ದಾಗ ನಮಗೆ ಸಂಜೆ 7ಕ್ಕೆ ಮಾರ್ಕೆಟ್ ತೆರೆಯುತ್ತದೆ, ರಾತ್ರಿ 1:30ಕ್ಕೆ ಮುಚ್ಚುತ್ತದೆ. ನವೆಂಬರ್ ಮೊದಲ ವಾರದಿಂದ ಎರಡೂ ಒಂದು ಗಂಟೆ ತಡ. ಅಂದರೆ ತೆರೆಯುವಾಗ ನಾವು ಎಚ್ಚರ ಇರುತ್ತೇವೆ, ಮಲಗುವುದು ಕೊನೆಯ ಮೂರು ಗಂಟೆ. ಮಲಗಿದ ಮೇಲೆ ನಡೆಯುವ ಎಳೆದಾಟ ಒಂದು ಅಪಾಯ, ಮಾರ್ಕೆಟ್ ಮುಚ್ಚಿದ್ದಾಗ ಬೆಲೆ ಜಿಗಿಯುವುದು ಇನ್ನೊಂದು. ಇದನ್ನು ಗಮನಿಸದೆ ಜನ ಈ ಎರಡಕ್ಕೂ ಒಂದೇ ಮದ್ದು ಹಾಕುತ್ತಾರೆ.

ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು 100 ಡಾಲರ್‌ಗೆ ಷೇರು ಕೊಂಡು 97ಕ್ಕೆ ಇಳಿದರೆ ತಾನೇ ಮಾರುವಂತೆ ಸ್ಟಾಪ್‌ಲಾಸ್ ಹಾಕಿ ಹತ್ತಕ್ಕೇ ಮಲಗಿದರು. ಅವತ್ತು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿದರ ಹೇಳುವ ದಿನ. ಅಲ್ಲಿ ಬೇಸಿಗೆ ಇದ್ದಾಗ ಅದು ನಮಗೆ ರಾತ್ರಿ 11:30ಕ್ಕೆ ಬರುತ್ತದೆ. ಆ ಐದು ನಿಮಿಷದ ಎಳೆದಾಟದಲ್ಲಿ ಬೆಲೆ 96.50 ಮುಟ್ಟಿತು, ಸ್ಟಾಪ್ ಹೊಡೆಯಿತು, ಆಮೇಲೆ 103ಕ್ಕೆ ಹೋಗಿ ಮುಚ್ಚಿತು. ಬೆಳಿಗ್ಗೆ ಕಾಫಿ ಹಿಡಿದು ಫೋನ್ ನೋಡಿದರೆ ಷೇರೇ ಇಲ್ಲ! ಆ ಷೇರು ದಿನಕ್ಕೆ ಸರಾಸರಿ 4 ಡಾಲರ್ ಆಡುತ್ತಿತ್ತು. ಮೂರು ಡಾಲರ್ ದೂರದ ಸ್ಟಾಪ್ ಪರದೆ ಮುಂದೆ ಕೂತವರಿಗೆ ಸರಿ, ಮಲಗುವವರಿಗಲ್ಲ. ಎರಡು ದಿನದ ಆಟದಷ್ಟಾದರೂ ಜಾಗ ಬಿಡಿ, ಅಂದರೆ 92.

ದೂರ ಇಟ್ಟರೆ ನಷ್ಟ ಜಾಸ್ತಿ ಆಗಲ್ವಾ? ಷೇರಿನ ಸಂಖ್ಯೆ ಇಳಿಸಿದರೆ ಆಗುವುದಿಲ್ಲ. ಖಾತೆಯಲ್ಲಿ 10,000 ಡಾಲರ್ ಇದೆ, ಒಂದು ವ್ಯವಹಾರದಲ್ಲಿ 100 ಹೋದರೆ ತಡೆಯಬಲ್ಲಿರಿ ಅಂತಿಟ್ಟುಕೊಳ್ಳಿ. ಆ ನೂರನ್ನು 3ರಿಂದ ಭಾಗಿಸಿದರೆ 97ರ ಸ್ಟಾಪ್‌ಗೆ 33 ಷೇರು ಬರುತ್ತಿತ್ತು, 8ರಿಂದ ಭಾಗಿಸಿದರೆ 92ಕ್ಕೆ 12.

ಇನ್ನು ಗ್ಯಾಪ್, ಅಂದರೆ ಹಿಂದಿನ ದಿನ ಮುಚ್ಚಿದ ಬೆಲೆಯಿಂದ ದೂರಕ್ಕೆ ಜಿಗಿದು ಷೇರು ತೆರೆಯುವುದು. ಕಂಪನಿ ಫಲಿತಾಂಶ ಹೆಚ್ಚಾಗಿ ಮಾರ್ಕೆಟ್ ಮುಚ್ಚಿದ ಮೇಲೆ ಅಥವಾ ತೆರೆಯುವ ಮೊದಲು ಬರುತ್ತದೆ. ಸಾಮಾನ್ಯ ಸ್ಟಾಪ್ ಆಗ ಕೆಲಸ ಮಾಡುವುದಿಲ್ಲ. ಷೇರು ನೇರ 85ಕ್ಕೆ ತೆರೆದರೆ 97 ಆಗಲಿ 92 ಆಗಲಿ, ಮಾರಾಟ ಆಗುವುದು 85ರ ಆಸುಪಾಸಿನಲ್ಲೇ. 33 ಷೇರಿದ್ದರೆ 495 ಡಾಲರ್ ಹೋಯಿತು, 12 ಇದ್ದರೆ 180. ಅದಕ್ಕೇ ಹೇಳುತ್ತೇನೆ, ಗ್ಯಾಪ್‌ಗೆ ಸ್ಟಾಪ್ ಮದ್ದಲ್ಲ, ಷೇರಿನ ಸಂಖ್ಯೆಯೇ ಮದ್ದು. ಆ ಷೇರು ಹಿಂದೆ ಫಲಿತಾಂಶದ ಮರುದಿನ ಎಷ್ಟು ಬಿದ್ದಿತ್ತು ನೋಡಿ. 15 ಡಾಲರ್ ಅಂದರೆ, ಗ್ಯಾಪ್‌ನಲ್ಲಿ 150 ತಡೆಯುವವರಿಗೆ 10 ಷೇರು. 12, 10 ಎರಡರಲ್ಲಿ ಚಿಕ್ಕದನ್ನೇ ಹಿಡಿಯಿರಿ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾರಲು ಸ್ಟಾಪ್-ಲಿಮಿಟ್, ಅಂದರೆ ಇಂತಿಷ್ಟಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ಸ್ಟಾಪ್ ಹಾಕುವವರಿದ್ದೀರಿ. ಸ್ಟಾಪ್ 92, ಲಿಮಿಟ್ 90 ಇಟ್ಟು ಬೆಲೆ 85ಕ್ಕೆ ತೆರೆದರೆ ಆರ್ಡರ್ ಸುಮ್ನೆ ನಿಂತಿರುತ್ತದೆ, ಷೇರು 78ಕ್ಕೆ ಇಳಿದರೂ ನಿಮ್ಮ ಕೈಯಲ್ಲೇ. ಹಾಗಂತ ಸಿಕ್ಕ ಬೆಲೆಗೆ ಮಾರಿಬಿಡುವ ಮಾರ್ಕೆಟ್ ಸ್ಟಾಪ್ ಪೂರ್ತಿ ಸುರಕ್ಷಿತವೂ ಅಲ್ಲ. 2015ರ ಆಗಸ್ಟ್ 24ರಂದು ಮಾರ್ಕೆಟ್ ತೆರೆದ ಕೂಡಲೇ ಎಷ್ಟೋ ಇಟಿಎಫ್‌ಗಳ ಸ್ಟಾಪ್ ತೀರಾ ಕೆಳಗಿನ ಬೆಲೆಗೆ ಹೊಡೆದವು, ಅದೇ ದಿನ ಬೆಲೆ ಮೇಲೆ ಬಂತು. ಆದರೂ ಮಲಗುವವರಿಗೆ ನನ್ನ ಆಯ್ಕೆ ಇಷ್ಟೇ: ಕೊಳ್ಳುವಾಗ ಲಿಮಿಟ್, ಹೊರಬರುವಾಗ ಮಾರ್ಕೆಟ್ ಸ್ಟಾಪ್.

ದೀಪ ಆರಿಸುವ ಮೊದಲು ಆರ್ಡರ್ ಅವಧಿ Day ಇದೆಯೋ, ನೀವು ರದ್ದು ಮಾಡುವವರೆಗೆ ನಿಲ್ಲುವ GTC ಇದೆಯೋ ನೋಡಿ. Day ಇದ್ದರೆ 1:30ಕ್ಕೆ ಅದು ರದ್ದಾಗುತ್ತದೆ, ಮರುದಿನ ಸಂಜೆ 7ಕ್ಕೆ ನಿಮ್ಮ ಷೇರಿಗೆ ಸ್ಟಾಪ್ ಇರುವುದೇ ಇಲ್ಲ.