ಗಲ್ಲಾ ತುಂಬಿದ್ದು, ಕೈಗೆ ಉಳಿದದ್ದು

ಕೇಳುಗರಿಗೆ ನಮಸ್ಕಾರ. ಅಂಗಡಿ ಹೇಗೆ ನಡೆಯುತ್ತಿದೆ ಎಂದರೆ "ತಿಂಗಳಿಗೆ ಇಷ್ಟು ಲಕ್ಷ ವ್ಯಾಪಾರ" ಎಂದು ಉತ್ತರ ಬರುತ್ತದೆ. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಉಳಿದದ್ದೆಷ್ಟು? ಅದನ್ನು ಹೇಳಿ.

ಒಂದು ಕತೆ ಕೇಳಿ. ಅಕ್ಕ ತಮ್ಮ ಇಬ್ಬರಿಗೂ ಸೇರಿ ತಂದೆಯ ಬೀಗದ ಅಂಗಡಿ ಬಂತು. ಒಂದು ತಿಂಗಳು ಅಕ್ಕ, ಮುಂದಿನ ತಿಂಗಳು ತಮ್ಮ ನಡೆಸಬೇಕೆಂದು ಮಾತಾಯಿತು. ಲೆಕ್ಕ ಸುಲಭವಾಗಲೆಂದು ಅಲ್ಲಿ ಒಂದೇ ಬಗೆಯ ಬೀಗ ಇದೆ ಅಂದುಕೊಳ್ಳೋಣ. ಒಂದರ ಅಸಲು 80, ಮಾರುವುದು 100ಕ್ಕೆ.

ಅಕ್ಕ ತನ್ನ ತಿಂಗಳಲ್ಲಿ 3,000 ಬೀಗ ಮಾರಿದಳು. ವ್ಯಾಪಾರ 3 ಲಕ್ಷ. ಅಸಲು 2,40,000 ಕಳೆದರೆ 60,000. ಕೆಲಸದವನ ಸಂಬಳ, ವಿದ್ಯುತ್ತು, ಸಾಗಣೆ ಸೇರಿ 20,000 ಖರ್ಚು. ಉಳಿದದ್ದು 40,000.

ತಮ್ಮ ಬಂದವನೇ ನೂರಕ್ಕೆ ಹತ್ತು ರಿಯಾಯಿತಿ ಎಂದು ಬೋರ್ಡು ತೂಗುಹಾಕಿದ. ಜನ ಮುಗಿಬಿದ್ದರು. 5,000 ಬೀಗ ಹೋದವು, 4,50,000 ವ್ಯಾಪಾರ! ಒಬ್ಬನಿಂದ ಸಾಲದೆ ಇನ್ನೊಬ್ಬ ಕೆಲಸದವನನ್ನು ಇಟ್ಟುಕೊಂಡ, ಖರ್ಚು 40,000ಕ್ಕೆ ಏರಿತು. ದಿನವೂ ಗಲ್ಲಾ ತುಂಬಿರುತ್ತಿತ್ತು. ಮನೆ ಖರ್ಚಿಗೆಂದು ಅದರಿಂದಲೇ 30,000 ತೆಗೆದುಕೊಂಡ. ತಿಂಗಳ ಕೊನೆಗೆ ಸಗಟು ವ್ಯಾಪಾರಿ ಬಂದು, ಉದ್ರಿ ಕೊಟ್ಟಿದ್ದ ಸರಕಿನ ಬಾಬ್ತು 4 ಲಕ್ಷ ಕೇಳಿದ. ಗಲ್ಲಾದಲ್ಲಿದ್ದದ್ದು 3,80,000.

ಕಳ್ಳತನವಾಗಿಲ್ಲ, ಯಾರೂ ಮೋಸ ಮಾಡಿಲ್ಲ. ಬೀಗವೊಂದಕ್ಕೆ 20 ಸಿಗುತ್ತಿದ್ದ ಕಡೆ ಈಗ 10 ಸಿಗುತ್ತಿತ್ತು, ಅಷ್ಟೇ. ಬೆಲೆಯಲ್ಲಿ ನೂರಕ್ಕೆ ಹತ್ತು ಬಿಟ್ಟರೆ ಲಾಭದಲ್ಲಿ ಅರ್ಧವೇ ಹೋಗುತ್ತದೆ, ಏಕೆಂದರೆ ಅಸಲು ಒಂದು ಕಾಸೂ ಇಳಿಯುವುದಿಲ್ಲ. 5,000 ಬೀಗಕ್ಕೆ ಸಿಕ್ಕಿದ್ದು 50,000. ಅದರಲ್ಲಿ ಖರ್ಚು ಕಳೆದು ನಿಜವಾಗಿ ಉಳಿದದ್ದು 10,000. ತೆಗೆದದ್ದು 30,000! ಆ ಖರ್ಚಿನಲ್ಲಿ ಅಕ್ಕನಷ್ಟೇ ಉಳಿಸಬೇಕಾದರೆ ಅವನು 8,000 ಬೀಗ ಮಾರಬೇಕಿತ್ತು. ವ್ಯಾಪಾರ ಎಷ್ಟಾಯಿತು ಅಂತಲ್ಲ, ಉಳಿದದ್ದೆಷ್ಟು ಅಂತ ನೋಡಿ ಎಂದು ನಾನು ಹೇಳುತ್ತಿರುವುದು ಇದಕ್ಕೇ. ರಿಯಾಯಿತಿ ಬೋರ್ಡು ಬರೆಸುವ ಮೊದಲು ಈ ಗುಣಾಕಾರ ಮಾಡಲು ಐದು ನಿಮಿಷ ಸಾಕು.

ನೀವೂ ತಿಂಗಳ ಕೊನೆಯ ದಿನ ಕುಳಿತು ಬರೆಯಿರಿ. ಮೇಲೆ ಮಾರಾಟದ ಮೊತ್ತ, ಅದರ ಕೆಳಗೆ ಮಾರಿಹೋದ ಸರಕಿನ ಅಸಲು, ಅದರ ಕೆಳಗೆ ಖರ್ಚು. ಇಲ್ಲಿ ಬಹಳ ಜನ ಎಡವುತ್ತಾರೆ: ಕೊಂಡದ್ದನ್ನೆಲ್ಲಾ ಅಸಲು ಎಂದು ಬರೆದುಬಿಡುತ್ತಾರೆ. ತಿಂಗಳ ಮೊದಲಿದ್ದ ದಾಸ್ತಾನಿಗೆ ಕೊಂಡದ್ದನ್ನು ಕೂಡಿಸಿ, ಕೊನೆಗೆ ಕಪಾಟಿನಲ್ಲಿ ಉಳಿದದ್ದನ್ನು ಕಳೆಯಬೇಕು. 5,500 ಬೀಗ ಕೊಂಡು 5,000 ಮಾರಿದ್ದರೆ, ಉಳಿದ 500ರ ಅಸಲು ಅವು ಮಾರಿಹೋದ ತಿಂಗಳಿನ ಲೆಕ್ಕಕ್ಕೆ ಸೇರುತ್ತದೆ. ಇನ್ನು ಅಂಗಡಿ ಸ್ವಂತದ್ದಾದರೂ ಬಾಡಿಗೆ, ನೀವು ದುಡಿದದ್ದಕ್ಕೆ ಸಂಬಳ, ಇವೆರಡನ್ನೂ ಖರ್ಚಿನಲ್ಲಿ ಹಿಡಿದು ಒಮ್ಮೆ ಕಳೆದು ನೋಡಿ. ತಮ್ಮನ 10,000 ಅಲ್ಲಿ ನಿಲ್ಲುವುದಿಲ್ಲ.